ಡಿಟಿಎಚ್ ಬಿಲ್ 455ರಿಂದ 237ಕ್ಕೆ: ಸಂಪರ್ಕ ತೆಗೆಸದೆ ಚಾನೆಲ್ ಮಾತ್ರ ತೆಗೆಸಿದ ನನ್ನ ಅನುಭವ

ಕಳೆದ ಯುಗಾದಿಗೆ ತಿಪಟೂರಿನ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಡಿಟಿಎಚ್ ತೆಗೆಸಿಬಿಡೋಣ ಎಂಬ ಮಾತು ಬಂತು. ತಿಂಗಳಿಗೆ 455ರ ಆಸುಪಾಸು ಹೋಗುತ್ತಿತ್ತು. ಮಗ ಮೊಬೈಲ್‌ನಲ್ಲೇ ಎಲ್ಲವನ್ನೂ ನೋಡುತ್ತಾನೆ, ನಾನು ನೋಡುವುದು ರಾತ್ರಿಯ ವಾರ್ತೆ ಮಾತ್ರ. ಆದರೆ ಅಮ್ಮನಿಗೆ ಸಂಜೆ ಆರೂವರೆಯಿಂದ ಹತ್ತರವರೆಗೆ ಧಾರಾವಾಹಿ ಬೇಕೇ ಬೇಕು. ಅವರಿಂದ ಅದನ್ನು ಕಿತ್ತುಕೊಳ್ಳಲು ನನಗೆ ಮನಸ್ಸಿರಲಿಲ್ಲ. ಬೇಡದ ಚಾನೆಲ್‌ಗಳನ್ನಷ್ಟೇ ತೆಗೆಸಿ ಬಿಲ್ಲನ್ನು ಅರ್ಧ ಮಾಡುತ್ತೇನೆ ಎಂದೆ. "ಕಂಪನಿಯವರು ಅಷ್ಟು ಸುಲಭಕ್ಕೆ ಬಿಡುತ್ತಾರೆಯೇ? ಹತ್ತು ರೂಪಾಯಿ ಕಡಿಮೆಯಾದರೆ ದೊಡ್ಡದು" ಎಂದರು ಭಾವ. ಹೆಚ್ಚುಕಡಿಮೆ ಅರ್ಧವೇ ಆಗಿದೆ. ಆದರೆ ಅದಕ್ಕೆ ಮೂರು ತಿಂಗಳು ಹಿಡಿಯಿತು.

ಮೊದಲ ಪ್ರಯತ್ನದಲ್ಲಿ ಭಾವನ ಮಾತೇ ನಿಜವಾಯಿತು. ಕಂಪನಿಯ ಸಿದ್ಧ ಪ್ಯಾಕ್ ಅನ್ನು ಪೂರ್ತಿ ತೆಗೆದು, ಮನೆಯವರನ್ನೆಲ್ಲ ಕೇಳಿ, ಬೇಕೆಂದ ಹನ್ನೊಂದು ಚಾನೆಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿದೆ. ಜನಪ್ರಿಯ ಚಾನೆಲ್ ಎಂದರೆ ತಲಾ 19 ರೂಪಾಯಿ ಎಂದೇ ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚು ಬೆಲೆಯ ಚಾನೆಲ್ ಅನ್ನು ಬೊಕೆಯಲ್ಲಿ, ಅಂದರೆ ಒಂದೇ ಸಂಸ್ಥೆಯ ಹಲವು ಚಾನೆಲ್‌ಗಳನ್ನು ಒಟ್ಟಿಗೆ ಮಾರುವ ಕಟ್ಟಿನಲ್ಲಿ, ಸೇರಿಸುವಂತಿಲ್ಲ ಎಂದು ನಿಯಂತ್ರಣ ಸಂಸ್ಥೆ ಟ್ರಾಯ್‌ನ ನಿಯಮವಿರುವುದರಿಂದ ಬಹುತೇಕರು ಅಲ್ಲಿಗೇ ತಂದು ನಿಲ್ಲಿಸಿದ್ದಾರೆ. ನಾವು ಆರಿಸಿದವುಗಳಲ್ಲಿ ಕೆಲವು ಅದಕ್ಕಿಂತ ಅಗ್ಗದವು, ಹಾಗಾಗಿ ಹನ್ನೊಂದಕ್ಕೆ ಸುಮಾರು 160 ಆಯಿತು. ಚಾನೆಲ್ ಬೆಲೆಯಲ್ಲದೆ ಸಂಪರ್ಕಕ್ಕೆಂದೇ ಕೊಡಬೇಕಾದ ನೆಟ್‌ವರ್ಕ್ ಶುಲ್ಕ ನಮ್ಮ ಕಂಪನಿಯಲ್ಲಿ ಈಗಲೂ 130. ಎರಡೂ ಸೇರಿ 290, ಮೇಲೆ ಶೇಕಡ 18 ಜಿಎಸ್‌ಟಿ, ಒಟ್ಟು 342. ಹಳೆಯ ಪ್ಯಾಕ್ ತೆರಿಗೆ ಸೇರಿ 350 ಇತ್ತು. ಇಷ್ಟೆಲ್ಲ ಮಾಡಿ ಉಳಿಸಿದ್ದು ಎಂಟು ರೂಪಾಯಿ.

ಹಾಗಾದರೆ 455 ಎಲ್ಲಿಂದ ಬರುತ್ತಿತ್ತು? ಇದು ಹೊಳೆಯಲು ನನಗೆ ಒಂದು ವಾರ ಬೇಕಾಯಿತು. ಆ್ಯಪ್‌ನಲ್ಲಿ ಚಾನೆಲ್ ಪಟ್ಟಿಯ ಕೆಳಗೆ, ಬೇರೆಯೇ ಪುಟದಲ್ಲಿ, ಎರಡು ವಿಶೇಷ ಸೇವೆಗಳು ಚಾಲ್ತಿಯಲ್ಲಿದ್ದವು. ಒಂದು ಭಕ್ತಿಯದು, ಇನ್ನೊಂದು ಅಡುಗೆಯದು. ಇವು ಟಿವಿ ವಾಹಿನಿಗಳಲ್ಲ, ಕಂಪನಿಯೇ ನಡೆಸುವ ಜಾಹೀರಾತಿಲ್ಲದ ಸೇವೆಗಳು. ಒಂದಕ್ಕೆ 40, ಇನ್ನೊಂದಕ್ಕೆ 49 ಎಂದು ನೆನಪು. ತೆರಿಗೆ ಸೇರಿದರೆ 105. ಹತ್ತು ದಿನ ಉಚಿತ ಎಂದು ಪರದೆಯ ಮೇಲೆ ಬಂದಾಗ ಅಮ್ಮ ರಿಮೋಟ್‌ನ ಹಸಿರು ಗುಂಡಿ ಒತ್ತಿದ್ದರಂತೆ. ಹತ್ತು ದಿನ ಕಳೆದ ಮೇಲೆ ಯಾರೂ ಏನನ್ನೂ ಕೇಳಲಿಲ್ಲ, ಹಣ ಮಾತ್ರ ಕಡಿತವಾಗುತ್ತಾ ಬಂತು. ಒಂದೂವರೆ ವರ್ಷ! ಲೆಕ್ಕ ಹಾಕಿದಾಗ ಹೊಟ್ಟೆ ಉರಿಯಿತು. ಪ್ಯಾಕ್ ಮುಟ್ಟುವ ಮೊದಲು ಈ ಪುಟವನ್ನೇ ನೋಡಿ.

ಆಮೇಲೆ ಕೇಳುವುದನ್ನು ಬಿಟ್ಟು ನೋಡುವುದಕ್ಕೆ ಶುರು ಮಾಡಿದೆ. ಏನು ಬೇಕು ಎಂದು ಕೇಳಿದರೆ ಎಲ್ಲರೂ ಎಲ್ಲವನ್ನೂ ಬೇಕೆನ್ನುತ್ತಾರೆ. ಟಿವಿಯ ಪಕ್ಕ ಹಳೆಯ ಡೈರಿಯೊಂದನ್ನಿಟ್ಟು, ಯಾವುದೇ ಚಾನೆಲ್ ಅನ್ನು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡಿದರೆ ಗೀಟು ಹಾಕಿ ಎಂದೆ. ಎರಡು ವಾರಕ್ಕೆ ಗೀಟು ಬಿದ್ದ ಪಾವತಿ ಚಾನೆಲ್‌ಗಳು ಐದೇ: ಮೂರು ಕನ್ನಡ ಮನರಂಜನಾ ವಾಹಿನಿಗಳು, ಒಂದು ಸಿನಿಮಾ ವಾಹಿನಿ, ತಂಗಿಯ ಮಗು ಬಂದಾಗ ಹಾಕುವ ಕಾರ್ಟೂನ್ ವಾಹಿನಿ. ನಾವು ನೋಡುವ ವಾರ್ತಾವಾಹಿನಿಗಳು, ಚಂದನ ಎಲ್ಲವೂ ಉಚಿತ. ಅವು ನೆಟ್‌ವರ್ಕ್ ಶುಲ್ಕದಲ್ಲೇ ಬರುತ್ತವೆ. ಯಾವುದು ಉಚಿತ, ಯಾವುದಕ್ಕೆ ಎಷ್ಟು ಎಂಬುದು ರಿಮೋಟ್‌ನಲ್ಲಿ ಗೈಡ್ ಒತ್ತಿದರೆ ಚಾನೆಲ್ ಹೆಸರಿನ ಜೊತೆಗೇ ಕಾಣುತ್ತದೆ.

ಇನ್ನು ಬೊಕೆಯ ವಿಷಯ. ಬೊಕೆ ಎಂದರೆ ಮೋಸ, ಬಿಡಿಯಾಗಿ ತೆಗೆದುಕೊಳ್ಳುವುದೇ ಲಾಭ ಎಂದು ನಾನೂ ನಂಬಿದ್ದೆ. ಯಾವಾಗಲೂ ಹಾಗಲ್ಲ. ನಮ್ಮ ಐದರಲ್ಲಿ ಮೂರು ಒಂದೇ ಸಂಸ್ಥೆಯವು. ಬಿಡಿಯಾಗಿ ಕೊಂಡರೆ ಆ ಮೂರಕ್ಕೆ ಹತ್ತಿರ ಹತ್ತಿರ 40. ಅದೇ ಸಂಸ್ಥೆಯ ಚಿಕ್ಕ ಕನ್ನಡ ಬೊಕೆ 33ಕ್ಕೆ ಸಿಕ್ಕಿತು. ಅದರಲ್ಲಿ ನಾವು ನೋಡದ ಹಾಡಿನ ಚಾನೆಲ್, ಹಾಸ್ಯದ ಚಾನೆಲ್ ಕೂಡ ಇವೆ, ಇರಲಿ. ಉಳಿದ ಎರಡು ಬೇರೆ ಬೇರೆ ಸಂಸ್ಥೆಯವು. ಅವರಿಂದ ನಮಗೆ ಬೇಕಾದದ್ದು ಒಂದೊಂದೇ ಆದ್ದರಿಂದ ಬಿಡಿಯಾಗಿ 19, 19. ಒಟ್ಟು 71. ಅದಕ್ಕೆ 130 ಸೇರಿಸಿ 201, ತೆರಿಗೆಯೊಂದಿಗೆ 237.

ಇಲ್ಲೊಂದು ಪೆಟ್ಟು ತಿಂದೆ. ಬೊಕೆ ಹಾಕುವ ಮುಂಚೆಯೇ ಅದರೊಳಗಿನ ಮುಖ್ಯ ವಾಹಿನಿಯನ್ನು ಬಿಡಿಯಾಗಿ ತೆಗೆದುಕೊಂಡಿದ್ದೆ. ಬೊಕೆ ಬಂದ ಮೇಲೂ ಆ ಬಿಡಿ ಚಾನೆಲ್ ತಾನಾಗಿ ಹೋಗಲಿಲ್ಲ, ಒಂದೇ ಚಾನೆಲ್‌ಗೆ ಎರಡು ಕಡೆ ಹಣ ಹೋಯಿತು. ಪರದೆಯ ಮೇಲೆ ಇದು ಗೊತ್ತಾಗುವುದೇ ಇಲ್ಲ. ನನಗೆ ಗೊತ್ತಾದದ್ದು ಬೆಳಗಿನ ಲೆಕ್ಕದಿಂದ. ನಮ್ಮ ಕಂಪನಿ ದಿನಕ್ಕಿಷ್ಟು ಎಂದು ಹಣ ಕಡಿತ ಮಾಡುತ್ತದೆ. ಎರಡು ದಿನ ಬೆಳಿಗ್ಗೆ ಏಳಕ್ಕೆ ಬ್ಯಾಲೆನ್ಸ್ ಬರೆದುಕೊಂಡು ಕಳೆದರೆ ಒಂದು ದಿನದ ಖರ್ಚು ಸಿಗುತ್ತದೆ, ಅದನ್ನು 30ರಿಂದ ಗುಣಿಸಿದರೆ ನಿಜವಾದ ತಿಂಗಳ ಬಿಲ್. 237ಕ್ಕೆ ದಿನಕ್ಕೆ 7.90 ಬರಬೇಕಿತ್ತು, ಎಂಟೂವರೆ ದಾಟಿತ್ತು. ಒಂಬತ್ತು ದಿನ ಹಾಗೇ ಹೋಗಿತ್ತು. ಮೊದಲು 15 ರೂಪಾಯಿ ದಾಟುತ್ತಿದ್ದುದನ್ನು ಈಗ ಎಂಟರೊಳಗೆ ನೋಡುವಾಗ ನನಗೆ ಹೆಮ್ಮೆಯಾಗುತ್ತದೆ.

ಎರಡನೆಯ ಪೆಟ್ಟು ರೀಚಾರ್ಜ್‌ನಲ್ಲಿ. ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಬಂದ ಮೊತ್ತವನ್ನೇ ಒತ್ತಿದೆ, ಹಳೆಯ ಪ್ಯಾಕ್ ವಾಪಸ್ ಬಂದು ಕುಳಿತಿತು. ಅದನ್ನು ತೆಗೆಸಲು ಕಸ್ಟಮರ್ ಕೇರ್‌ಗೆ ಮೂರು ಸಲ ಕರೆ ಮಾಡಿದೆ. ಮೂರನೆಯ ಸಲ ಏನು ಹೇಳಿದ್ದರಿಂದ ಕೆಲಸ ಐದು ನಿಮಿಷದಲ್ಲಿ ಆಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಅದನ್ನೇ ಹೇಳತೊಡಗಿದರೆ ಅದು ನಡೆಯುವುದಿಲ್ಲ. ಈಗ ಮೊತ್ತವನ್ನು ನಾನೇ ಟೈಪ್ ಮಾಡುತ್ತೇನೆ.

ಎಚ್‌ಡಿಯನ್ನೂ ತೆಗೆದು ನೋಡಿದೆ. ನಮ್ಮದು 32 ಇಂಚಿನ ಟಿವಿ, ಅಮ್ಮ ಕೂರುವುದು ಎಂಟು ಅಡಿ ದೂರದಲ್ಲಿ. ಮೊದಲ ದಿನವೇ "ಎಲ್ಲರೂ ದಪ್ಪಗಾಗಿದ್ದಾರಲ್ಲಪ್ಪಾ" ಎಂದರು. ಚಿತ್ರ ಅಡ್ಡಕ್ಕೆ ಎಳೆದಂತಾಗಿತ್ತು. ಸೆಟ್‌ ಟಾಪ್ ಬಾಕ್ಸ್‌ನಲ್ಲಿ ಪರದೆಯ ಅಳತೆಯನ್ನು 4:3ಕ್ಕೆ ಬದಲಿಸಿದ ಮೇಲೆ ಮುಖಗಳು ಸರಿಹೋದವು. ಎರಡೂ ಬದಿಯ ಕಪ್ಪು ಪಟ್ಟಿಗೆ ಅವರು ನಾಲ್ಕು ದಿನದಲ್ಲಿ ಒಗ್ಗಿಕೊಂಡರು. ದೊಡ್ಡ ಟಿವಿ ಇರುವವರು ಇದನ್ನು ಮಾಡಬೇಡಿ, ಮಸುಕು ಕಣ್ಣಿಗೆ ಹೊಡೆಯುತ್ತದೆ. ಐಪಿಎಲ್ ಬಂದಾಗ ಕನ್ನಡ ಕ್ರೀಡಾ ವಾಹಿನಿಯೊಂದನ್ನು ಸೇರಿಸಿ, ಫೈನಲ್ ಮುಗಿದ ಮರುದಿನವೇ ತೆಗೆದೆ.

ಅರಸೀಕೆರೆಯಲ್ಲಿರುವ ದೊಡ್ಡಮ್ಮನ ಮನೆಯದು ಕೇಬಲ್. ಅಲ್ಲಿ ಕಷ್ಟ ಬೇರೆ ರೀತಿಯದು. ತಿಂಗಳಿಗೆ 300 ಎಂದು ಹುಡುಗನೊಬ್ಬ ಬಂದು ಒಯ್ಯುತ್ತಾನೆ, ರಸೀದಿಯಲ್ಲಿ ವಿವರವೇ ಇಲ್ಲ. ಚಾನೆಲ್ ತೆಗೆಯಲು ಆಗುವುದಿಲ್ಲ ಎಂದು ಆಪರೇಟರ್ ವಾದಿಸಿದರು. 2019ರ ಫೆಬ್ರವರಿಯಿಂದ ಬಿಡಿಯಾಗಿ ಆರಿಸುವ ಹಕ್ಕು ಕೇಬಲ್ ಗ್ರಾಹಕರಿಗೂ ಇದೆ ಎಂದು ಹೇಳಿ, ನೆಟ್‌ವರ್ಕ್ ಶುಲ್ಕ ಎಷ್ಟು, ಚಾನೆಲ್‌ಗೆ ಎಷ್ಟು ಎಂದು ಬರೆದುಕೊಡಿ ಎಂದು ಪಟ್ಟು ಹಿಡಿದೆ. ಬರೆಯುವ ಬದಲು ಪ್ಯಾಕ್ ಬದಲಿಸಲು ಒಪ್ಪಿದರು. ಅಲ್ಲಿ ದಿನದ ಲೆಕ್ಕವಿಲ್ಲ, ತಿಂಗಳ ನಡುವೆ ಬದಲಿಸಿದರೆ ಉಳಿದ ದಿನಗಳ ಹಣ ಹೋದಂತೆಯೇ. ಅದಕ್ಕೇ ಅವಧಿ ಮುಗಿಯುವ ಹಿಂದಿನ ದಿನ ಮಾಡಿಸಿದೆ. ಈಗ 240ರ ಹತ್ತಿರ ಬಂದಿದೆ. ಅವರ ಮನೆಯ ಡೈರಿಯಲ್ಲಿ ಒಂದು ತೆಲುಗು ಸಿನಿಮಾ ವಾಹಿನಿಗೆ ಎರಡು ವಾರದಲ್ಲಿ ಒಂದೇ ಗೀಟು ಬಿದ್ದಿದೆ, ಮುಂದಿನ ತಿಂಗಳು ಅದನ್ನೂ ತೆಗೆಸಲು ಹೇಳಿ ಬಂದಿದ್ದೇನೆ.