ಇನ್ನೂರು ಅಲಾರಂಗಳಿಗೆ ಒಂದೇ ಬಜೆಟ್: ಯೂನಿಯನ್ ಬೌಂಡ್ ಬಳಸಿದ ನನ್ನ ಅನುಭವ

ಸರ್ವರ್ ನಿಗಾ ಇಡುವವರಿಗೆಲ್ಲ ಗೊತ್ತಿರುವ ಕಾಟ ಇದು. ಒಂದೊಂದು ಅಲಾರಂ ತೆಗೆದು ನೋಡಿದರೆ ಮಿತಿ ಸರಿಯಾಗೇ ಇರುತ್ತದೆ, ಎಲ್ಲ ಸೇರಿದಾಗ ರಾತ್ರಿಯಿಡೀ ಫೋನ್ ಹೊಡೆದುಕೊಳ್ಳುತ್ತದೆ. ನಮ್ಮಲ್ಲಿ ಸುಮಾರು 200 ಎಂಡ್‌ಪಾಯಿಂಟ್‌ಗಳ ಎರರ್ ರೇಟನ್ನು ಐದೈದು ನಿಮಿಷಕ್ಕೊಮ್ಮೆ ನೋಡುತ್ತೇವೆ. ದಿನಕ್ಕೆ 288 ಸಲ, 30 ದಿನಕ್ಕೆ 8,640 ಸಲ. 200 ರಿಂದ ಗುಣಿಸಿದರೆ ತಿಂಗಳಿಗೆ ಹದಿನೇಳು ಲಕ್ಷ ಚಿಲ್ಲರೆ ಪರೀಕ್ಷೆಗಳು. ಅವುಗಳಲ್ಲಿ ಒಂದಾದರೂ ಸುಳ್ಳು ಅಲಾರಂ ಆಗುವ ಸಂಭವನೀಯತೆ ಎಷ್ಟು ಎಂಬುದೇ ಪ್ರಶ್ನೆ.

ಯೂನಿಯನ್ ಬೌಂಡ್ ಹೇಳುವುದು ಇಷ್ಟೇ: ಬಿಡಿ ಸಂಭವನೀಯತೆಗಳನ್ನು ಕೂಡಿಸಿ, ನಿಜವಾದ ಉತ್ತರ ಆ ಮೊತ್ತವನ್ನು ಮೀರುವುದಿಲ್ಲ. ಇದನ್ನೇ ಹಿಂದುಮುಂದು ಮಾಡಿದೆ. ತಿಂಗಳಿಡೀ ಒಂದಾದರೂ ಸುಳ್ಳು ಅಲಾರಂ ಬರುವ ಸಾಧ್ಯತೆ 5% ಮೀರಬಾರದು ಎಂದು ಮೊದಲೇ ಗೊತ್ತುಮಾಡಿಕೊಂಡು, ಆ 0.05 ಅನ್ನು ಹದಿನೇಳು ಲಕ್ಷ ಪರೀಕ್ಷೆಗಳಿಗೆ ಸಮನಾಗಿ ಹಂಚಿದೆ. ಒಂದೊಂದರ ಪಾಲಿಗೆ ಹೆಚ್ಚುಕಡಿಮೆ ಮೂರೂವರೆ ಕೋಟಿಯಲ್ಲಿ ಒಂದು ಬಂತು.

ಆಕ್ಷೇಪ ಬಂದದ್ದು ಇಲ್ಲೇ. "ಡೇಟಾಬೇಸ್ ಬಿದ್ದರೆ ಐವತ್ತು ಎಂಡ್‌ಪಾಯಿಂಟ್ ಒಟ್ಟಿಗೆ ಕೆಂಪಾಗುತ್ತವೆ. ನೋಡುವ ಕಿಟಕಿಯೂ ಒಂದು ಗಂಟೆಯದ್ದು, ಐದು ನಿಮಿಷಕ್ಕೊಮ್ಮೆ ಜರುಗುತ್ತದೆ. ಅಂದಮೇಲೆ ಒಂದರ ಮೇಲೊಂದು ಬಿದ್ದೇ ಇರುತ್ತದೆ. ಯಾವುದೂ ಸ್ವತಂತ್ರ ಅಲ್ಲ, ಹೇಗೆ ಕೂಡಿಸ್ತೀರಿ?" ಕೂಡಿಸಲು ಸ್ವತಂತ್ರವಾಗಿರಬೇಕೆಂಬ ನಿಯಮ ಇಲ್ಲ, ಅದು ಗುಣಿಸುವವರ ತಲೆನೋವು. ಎರಡು ಘಟನೆಗಳು ಒಟ್ಟಿಗೆ ಆಗುವ ಭಾಗವನ್ನು ನಾವು ಎರಡು ಸಲ ಎಣಿಸುತ್ತೇವೆ, ಅಷ್ಟೆ. ಹಾಗೆ ಎಣಿಸಿದರೆ ಮೊತ್ತ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಘಟನೆಗಳ ನಡುವೆ ಎಂಥ ನಂಟಿದ್ದರೂ ಬೌಂಡ್ ನಿಲ್ಲುತ್ತದೆ.

ಆಗ ಎರಡನೇ ಮಾತು ಶುರುವಾಯಿತು: ಹಾಗಾದರೆ ಬೌಂಡ್ ತೀರಾ ಸಡಿಲ, ಮಿತಿ ವಿಪರೀತ ಮೇಲೆ ಹೋಗುತ್ತದೆ, ನಿಜವಾದ ತೊಂದರೆಯೇ ಕಣ್ತಪ್ಪುತ್ತದೆ. ಇದಕ್ಕೆ ಲೆಕ್ಕದಲ್ಲೇ ಉತ್ತರ ಕೊಡಬೇಕಾಯಿತು, ಅದಕ್ಕೆ ಕೆಳಗೆ ಬರುತ್ತೇನೆ.

ಮೊದಲು ಕೈಕೊಟ್ಟ ದಾರಿಗಳು. ಎಲ್ಲರೂ ಹಾಕುವ ಹಾಗೆ 3 ಸಿಗ್ಮಾ ಹಾಕಿದ್ದ ಕಾಲವಿತ್ತು. ನಾರ್ಮಲ್ ವಿತರಣೆಯಲ್ಲಿ ಒಂದೇ ಬದಿಗೆ 3 ಸಿಗ್ಮಾ ದಾಟುವ ಸಂಭವನೀಯತೆ 0.00135. ಹದಿನೇಳು ಲಕ್ಷದಿಂದ ಗುಣಿಸಿದರೆ 2,300 ದಾಟುತ್ತದೆ. ಮೊತ್ತ ಒಂದನ್ನು ಮೀರಿತು, ಅದು ಸಂಭವನೀಯತೆಯೇ ಅಲ್ಲ, ಬೌಂಡ್ ಕೆಲಸಕ್ಕೆ ಬಾರದು ಎಂದು ಅದನ್ನು ಪಕ್ಕಕ್ಕಿಡುವವರಿದ್ದಾರೆ. ಎಸೆಯಬೇಡಿ. ಆ ಮೊತ್ತ ಎಂದರೆ ತಿಂಗಳಿಗೆ ನಿರೀಕ್ಷಿಸಬೇಕಾದ ಸುಳ್ಳು ಅಲಾರಂಗಳ ಸರಾಸರಿ ಸಂಖ್ಯೆ, ಅದೂ ಸ್ವತಂತ್ರತೆಯ ಹಂಗಿಲ್ಲದೆ. ಒಂದೊಂದಕ್ಕೆ ಹತ್ತು ನಿಮಿಷ ಹೋದರೂ 380 ಗಂಟೆಗಿಂತ ಹೆಚ್ಚು, ಅಂದರೆ ಇಬ್ಬರ ಇಡೀ ತಿಂಗಳ ಸಂಬಳ ಸುಳ್ಳು ಅಲಾರಂಗೇ ಸುರಿದಂತೆ. ಹಣದ ಲೆಕ್ಕ ಕೇಳುವವರ ಬಾಯಿ ಮುಚ್ಚಿಸಿದ್ದು ಈ ಒಂದು ಗುಣಾಕಾರ.

ಸರಿ, ಸಿಗ್ಮಾ ಏರಿಸೋಣ ಎಂದರೆ ಮೂರೂವರೆ ಕೋಟಿಯಲ್ಲಿ ಒಂದಕ್ಕೆ 5.4 ಸಿಗ್ಮಾ ಬೇಕು. ಕಾಗದದ ಮೇಲೆ ಚೆಂದ. ಆದರೆ ನಾರ್ಮಲ್ ವಿತರಣೆಯ ಬಾಲ ಅಷ್ಟು ದೂರದಲ್ಲಿ ಹೇಗಿದೆ ಎಂದು ಪರೀಕ್ಷಿಸಲು ಕೋಟಿಗಟ್ಟಲೆ ಅಳತೆಗಳು ಬೇಕು, ನಿಜವಾದ ಎರರ್ ರೇಟಿನ ಬಾಲವಂತೂ ಅದಕ್ಕಿಂತ ದಪ್ಪ. ಯೂನಿಯನ್ ಬೌಂಡ್ ಇಲ್ಲಿ ತಪ್ಪುವುದಿಲ್ಲ, ಅದಕ್ಕೆ ನಾವು ಉಣಿಸುವ ಬಿಡಿ ಸಂಭವನೀಯತೆ ಸುಳ್ಳಾಗಿರುತ್ತದೆ. ಅಲಾರಂ ಮತ್ತೂ ಹೊಡೆದುಕೊಂಡಾಗ ಬೈಗುಳ ಬೌಂಡ್‌ಗೆ ಬೀಳುತ್ತದೆ.

ಕೊನೆಗೆ ಕೆಲಸ ಮಾಡಿದ್ದು ನಾರ್ಮಲ್ ಅನ್ನು ಪೂರ್ತಿ ಕೈಬಿಟ್ಟದ್ದು. ಎರರ್ ರೇಟ್ ಎಂದರೆ ಸೊನ್ನೆ ಅಥವಾ ಒಂದರ ಸರಾಸರಿ. ಇಂಥದ್ದಕ್ಕೆ ಬಾಲದ ಊಹೆ ಬೇಡದ ಅಸಮತೆಗಳಿವೆ. ಅವುಗಳಲ್ಲಿ ಮೊದಲು ಹೊಫ್ಡಿಂಗ್ ಅಸಮತೆ ಹಾಕಿ ನೋಡಿದಾಗ, ಗಂಟೆಗೆ 10,000 ವಿನಂತಿಗಳಿರುವ ಎಂಡ್‌ಪಾಯಿಂಟ್‌ಗೆ ಅಂತರ ಸುಮಾರು 3% ಬಂತು. ಎಂದಿನ ಎರರ್ ರೇಟ್ 1% ಇದ್ದರೆ 4% ಆಗುವವರೆಗೆ ಸುಮ್ಮನಿರಬೇಕು. ಅದು ತಡ. ಹೊಫ್ಡಿಂಗ್‌ಗೆ ಎರರ್ ಅಪರೂಪ ಎಂಬುದೇ ಗೊತ್ತಿಲ್ಲ, ಅರ್ಧಕ್ಕರ್ಧ ಎರರ್ ಇರುವ ಕೆಟ್ಟ ಸ್ಥಿತಿಗೆ ಅದು ಲೆಕ್ಕ ಹಾಕುತ್ತದೆ. ಬರ್ನ್‌ಸ್ಟೈನ್ ಹಾಗಲ್ಲ, ಎಂದಿನ ರೇಟನ್ನು ಕೇಳಿ ತಿಳಿದುಕೊಳ್ಳುತ್ತದೆ:

```python
from math import log, sqrt

def gap(budget, n, m, p):
    L = log(n / budget)
    a = L / (3 * m)
    return a + sqrt(a*a + 2*p*(1-p)*L/m)

gap(0.05, 200*8640, 10000, 0.01)   # ~0.0065
```

`n` ಎಂದರೆ ಒಟ್ಟು ಪರೀಕ್ಷೆಗಳು, `m` ಎಂದರೆ ಒಂದು ಕಿಟಕಿಯೊಳಗಿನ ವಿನಂತಿಗಳು, `p` ಎಂದಿನ ಎರರ್ ರೇಟು. ಬಂದದ್ದು 0.65%. ಅಂದರೆ 1% ಇರುವುದು 1.65% ದಾಟಿದರೆ ಅಲಾರಂ. 4% ಎಲ್ಲಿ, 1.65% ಎಲ್ಲಿ! `p` ಜಾಗದಲ್ಲಿ ಸರಾಸರಿ ಹಾಕಬೇಡಿ, ಸ್ವಲ್ಪ ಮೇಲಿನ ಅಂಕಿಯನ್ನೇ ಹಾಕಿ. ದಿನದ ಹೊತ್ತಿಗೆ ತಕ್ಕಂತೆ ಅದು ಏರಿಳಿಯುತ್ತದೆ. ಆ ಏರಿಳಿತವನ್ನು ನಾವು ಹೇಗೆ ತೆಗೆಯುತ್ತೇವೆ ಎಂಬುದನ್ನು ಇಲ್ಲಿ ಬಿಚ್ಚುವುದಿಲ್ಲ, ಅದು ನಮ್ಮ ಅಡುಗೆಮನೆಯ ಗುಟ್ಟು.

ಈಗ "ಸಡಿಲ" ಎಂದವರಿಗೆ ಉತ್ತರ. 200 ಎಂಡ್‌ಪಾಯಿಂಟ್‌ಗಳೂ ಒಂದೇ ಎಂಡ್‌ಪಾಯಿಂಟಿನ ನಕಲುಗಳು, ಎಲ್ಲ ಒಟ್ಟಿಗೇ ಏಳುತ್ತವೆ ಒಟ್ಟಿಗೇ ಬೀಳುತ್ತವೆ ಎಂದು ಇಟ್ಟುಕೊಳ್ಳಿ. ಬೌಂಡ್‌ಗೆ ಇದಕ್ಕಿಂತ ಕೆಟ್ಟ ನಂಟು ಇರಲಾರದು. ಆಗ `n` ಜಾಗದಲ್ಲಿ ಬರೀ 8,640 ಹಾಕಿದರೆ ಸಾಕು. ಅಂತರ 0.65% ಇಂದ 0.53% ಗೆ ಇಳಿಯುತ್ತದೆ, ಅಷ್ಟೆ. ಎಂಡ್‌ಪಾಯಿಂಟ್‌ಗಳ ನಡುವಿನ ನಂಟನ್ನು ತಿಂಗಳುಗಟ್ಟಲೆ ಕೂತು ಮಾಡೆಲ್ ಮಾಡಿದರೂ ಸಿಗುವ ಗರಿಷ್ಠ ಲಾಭ 0.12%. ಇನ್ನೊಂದು ತುದಿಯಲ್ಲಿ, ಎಲ್ಲವೂ ಪೂರ್ತಿ ಸ್ವತಂತ್ರವಾಗಿದ್ದರೆ ನಿಜವಾದ ಸಂಭವನೀಯತೆ 0.0488, ನಮ್ಮ ಬೌಂಡ್ 0.05, ಕೂದಲೆಳೆಯ ವ್ಯತ್ಯಾಸ. ಕಾರಣ `log` ನಲ್ಲಿದೆ. ಎಂಡ್‌ಪಾಯಿಂಟ್‌ಗಳನ್ನು ಹತ್ತು ಪಟ್ಟು ಮಾಡಿ 2,000 ಕ್ಕೆ ಏರಿಸಿದರೂ ಅಂತರ 0.69% ಆಗುತ್ತದೆ. ಬಾಲ ಘಾತೀಯವಾಗಿ ಕುಸಿಯುವ ಕಡೆ ಯೂನಿಯನ್ ಬೌಂಡ್ ಅಗ್ಗ. ಬಾಲ ನಿಧಾನವಾಗಿ ಇಳಿಯುವ ಕಡೆ, ಉದಾಹರಣೆಗೆ ಚೆಬಿಶೆವ್ ಅಸಮತೆ ಬಿಟ್ಟರೆ ಬೇರೆ ಗತಿಯಿಲ್ಲದ ಕಡೆ, ಹತ್ತು ಪಟ್ಟು ಪರೀಕ್ಷೆಗೆ ಅಂತರ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಅಲ್ಲಿ ಸಡಿಲ ಎಂಬ ದೂರು ನ್ಯಾಯವೇ.

ಬಜೆಟ್ಟನ್ನು ಸಮನಾಗಿ ಹಂಚಲೇಬೇಕೆಂದಿಲ್ಲ, ಮೊತ್ತ 0.05 ಒಳಗಿದ್ದರೆ ಸಾಕು. ಮುಖ್ಯವಾದ ಹತ್ತು ಎಂಡ್‌ಪಾಯಿಂಟ್‌ಗಳಿಗೆ ಅರ್ಧ ಬಜೆಟ್ ಕೊಟ್ಟು ನೋಡಿದ್ದೂ ಆಯಿತು. ಅದೇ `log` ಇಲ್ಲಿ ನಮಗೇ ತಿರುಗಿ ಹೊಡೆಯುತ್ತದೆ: ಆ ಹತ್ತಕ್ಕೆ ಸಿಕ್ಕ ಪಾಲು ಹತ್ತು ಪಟ್ಟು, ಮಿತಿ ಇಳಿದದ್ದು ಕೂದಲಷ್ಟು. ಯಾರ ಎಂಡ್‌ಪಾಯಿಂಟ್ ಹೆಚ್ಚು ಮುಖ್ಯ ಎಂಬ ಮೀಟಿಂಗ್‌ಗೆ ಹೋದ ಹೊತ್ತಿನ ಖರ್ಚೂ ಅದರಿಂದ ಹುಟ್ಟಲಿಲ್ಲ.

ಅಸಮ ಹಂಚಿಕೆ ನಿಜಕ್ಕೂ ಬೇಕಾಗುವುದು ಎಷ್ಟು ಎಂಡ್‌ಪಾಯಿಂಟ್ ಬರುತ್ತವೆ ಎಂದೇ ಗೊತ್ತಿಲ್ಲದಾಗ. `k` ನೆಯದಕ್ಕೆ `0.05/(k*(k+1))` ಕೊಡಿ. 1/2, 1/6, 1/12 ಎಂದು ಸಾಗುವ ಈ ಸರಣಿ ಎಷ್ಟು ಉದ್ದ ಹೋದರೂ ಮೊತ್ತ ಒಂದನ್ನು ದಾಟುವುದಿಲ್ಲ. ಹೊಸದು ಸೇರಿದಾಗ ಹಳೆಯ ಮಿತಿಗಳನ್ನು ಮುಟ್ಟಬೇಕಿಲ್ಲ.

ಕೆಡುವುದು ಎಲ್ಲಿ ಎಂದರೆ, ಮುಖ್ಯವಾಗಿ ಎರಡು ಕಡೆ. ಒಂದು, `n` ಅನ್ನು ಪ್ರಾಮಾಣಿಕವಾಗಿ ಎಣಿಸದಿರುವುದು. 2,000 ಗ್ರಾಫ್‌ಗಳನ್ನು ನೋಡಿ, ಅವುಗಳಲ್ಲಿ ವಿಚಿತ್ರವಾಗಿ ಕಂಡ 200 ಅನ್ನು ಆರಿಸಿ, ಅದೇ ಡೇಟಾದ ಮೇಲೆ ಅಲಾರಂ ಓಡಿಸಿದರೆ ಭಾಗಿಸಬೇಕಾದದ್ದು 2,000 ದಿಂದ. ಕಣ್ಣಲ್ಲಿ ನೋಡಿ ಬಿಟ್ಟದ್ದೂ ಪರೀಕ್ಷೆಯೇ. ಘಟನೆಗಳ ಪಟ್ಟಿ ಡೇಟಾ ನೋಡುವ ಮೊದಲೇ ನಿಗದಿಯಾಗಿರಬೇಕು.

ಇನ್ನೊಂದು, ಕಿಟಕಿಯ ಒಳಗಿನ ಸ್ವತಂತ್ರತೆ. ಕಿಟಕಿಗಳ ನಡುವೆ ಅದು ಬೇಡ ಎಂದೆ, ನಿಜ. ಆದರೆ ಒಂದೇ ಕಿಟಕಿಯ 10,000 ವಿನಂತಿಗಳು ಪರಸ್ಪರ ಸ್ವತಂತ್ರ ಎಂದು ಬರ್ನ್‌ಸ್ಟೈನ್ ನಂಬಿದೆ. ಒಬ್ಬ ಬಳಕೆದಾರನ ಆಪ್ ಕೆಟ್ಟು ಒಂದೇ ವಿನಂತಿಯನ್ನು ನೂರಾರು ಸಲ ಮತ್ತೆ ಮತ್ತೆ ಕಳಿಸಿದರೆ ಆ ನಂಬಿಕೆ ಮುರಿದಂತೆ. ಪತ್ತೆ ಮಾಡುವುದು ಸುಲಭ: ಯಾವ ತೊಂದರೆಯೂ ಇಲ್ಲದ ವಾರದ ಕಿಟಕಿಗಳನ್ನು ತೆಗೆದು ಎರರ್ ರೇಟಿನ ಸ್ಟ್ಯಾಂಡರ್ಡ್ ಡೀವಿಯೇಷನ್ ನೋಡಿ. 1% ರೇಟು, 10,000 ವಿನಂತಿ ಎಂದರೆ ಅದು 0.1% ಆಸುಪಾಸು ಇರಬೇಕು. 0.4% ಕಂಡರೆ ನಾಲ್ಕು ಪಟ್ಟು, ಅದರ ವರ್ಗ ಹದಿನಾರು, ವಿನಂತಿಗಳನ್ನು ಭಾಗಿಸಬೇಕಾದದ್ದು ಅದರಿಂದ. ನಿಮ್ಮ ಹತ್ತು ಸಾವಿರ ವಿನಂತಿಗಳಿಗೆ 625 ರ ಬೆಲೆ ಮಾತ್ರ. `m` ಜಾಗದಲ್ಲಿ 625 ಹಾಕಿದರೆ ಅಂತರ 3.4% ಗೆ ಜಿಗಿಯುತ್ತದೆ. ಇದು ಅಂದಾಜಿನ ತೇಪೆ, ಗಣಿತದಲ್ಲಿ ಸಾಬೀತಾದದ್ದಲ್ಲ. ಸರಿಯಾದ ಮದ್ದು ಎಂದರೆ ವಿನಂತಿ ಎಣಿಸುವುದನ್ನು ಬಿಟ್ಟು ಬಳಕೆದಾರರನ್ನು ಎಣಿಸುವುದು: ಒಬ್ಬರಿಗೆ ಒಂದು ಕಿಟಕಿಯಲ್ಲಿ ಒಂದೇ ಮತ, ಎರರ್ ಕಂಡರೋ ಇಲ್ಲವೋ. `m` ಕಡಿಮೆಯಾಗುತ್ತದೆ, ಆದರೆ ನಂಬಬಹುದಾದ `m`. ಅದಾದ ಮೇಲೆ ಡೀವಿಯೇಷನ್ ಮತ್ತೆ ಅಳೆಯಿರಿ, ಇನ್ನೂ ಹೆಚ್ಚಿದ್ದರೆ `p` ಏರಿಳಿಯುತ್ತಿದೆ ಎಂದು ತಿಳಿಯಿರಿ.

ಹಳೆಯ ಶಾಂತ ತಿಂಗಳ ಡೇಟಾವನ್ನು ಮತ್ತೆ ಓಡಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ನಿರೀಕ್ಷಿತ ಸಂಖ್ಯೆ 0.05 ಮೀರದಿದ್ದರೆ ಮೂರು ಅಥವಾ ಹೆಚ್ಚು ಸುಳ್ಳು ಅಲಾರಂ ಬರುವ ಸಾಧ್ಯತೆ ಅರವತ್ತರಲ್ಲಿ ಒಂದನ್ನೂ ಮೀರುವುದಿಲ್ಲ. ಮೂರು ಬಂದವೆಂದರೆ ದುರದೃಷ್ಟ ಎನ್ನಬೇಡಿ, ಮೇಲಿನ ಎರಡರಲ್ಲಿ ಒಂದು ಕೆಟ್ಟಿದೆ.

ಕಡಿಮೆ ಓಡಾಟದ ಎಂಡ್‌ಪಾಯಿಂಟ್‌ಗಳದ್ದು ಬೇರೆ ಗೋಳು. ಗಂಟೆಗೆ 500 ವಿನಂತಿ ಎಂದರೆ ಅಂತರ 4%, ಅಂದರೆ ಎರರ್ ಐದು ಪಟ್ಟಾದ ಮೇಲೆಯೇ ಅಲಾರಂ. ಕಿಟಕಿಯನ್ನು ಆರು ಗಂಟೆಗೆ ಹಿಗ್ಗಿಸಿದರೆ 1.3% ಗೆ ಇಳಿಯುತ್ತದೆ, ಆದರೆ ದಿಢೀರ್ ಕುಸಿತ ತಡವಾಗಿ ಕಾಣುತ್ತದೆ. ಯಾವುದು ಎಂದು ಜಗಳವಾಡುವ ಬದಲು ಎರಡನ್ನೂ ಓಡಿಸಿದೆ. ಪರೀಕ್ಷೆಗಳು ಇಮ್ಮಡಿಯಾದವು, ಎರಡು ಕಿಟಕಿಗಳಲ್ಲಿರುವುದು ಅದೇ ವಿನಂತಿಗಳು, ಇದಕ್ಕಿಂತ ಗಟ್ಟಿ ನಂಟು ಬೇಕೆ? ಬೌಂಡ್‌ಗೆ ಅದರ ಗೊಡವೆಯಿಲ್ಲ. `n` ಅನ್ನು ಎರಡರಿಂದ ಗುಣಿಸಿದೆ, ಗಂಟೆಯ ಕಿಟಕಿಯ ಅಂತರ 4.0% ಇದ್ದದ್ದು 4.1% ಆಯಿತು, ಆರು ಗಂಟೆಯದ್ದು 1.3% ರಲ್ಲೇ ನಿಂತಿತು.