ಎಲ್ಲ ರಿವ್ಯೂಗೂ ಒಂದೇ ಉತ್ತರ ಅಂಟಿಸುವುದನ್ನು ಬಿಟ್ಟೆ

ರಾಯಚೂರಿನಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಗೂಗಲ್‌ನಲ್ಲಿ ಯಾರೇ ರಿವ್ಯೂ ಬರೆದರೂ ನನ್ನ ಉತ್ತರ ಒಂದೇ: "ರಾಯಚೂರಿನ ಬೆಸ್ಟ್ ಮೋಟಾರ್ ರಿವೈಂಡಿಂಗ್, ರಾಯಚೂರು ಪಂಪ್ ರಿಪೇರಿ, ಸಬ್‌ಮರ್ಸಿಬಲ್ ಸರ್ವಿಸ್ ರಾಯಚೂರಿಗೆ ಬಂದಿದ್ದಕ್ಕೆ ಧನ್ಯವಾದ." ಹೀಗೆ ಊರು, ಕೆಲಸದ ಹೆಸರುಗಳನ್ನು ತುರುಕಿದರೆ ಹುಡುಕಿದಾಗ ಅಂಗಡಿ ಮೇಲೆ ಬರುತ್ತದೆ ಅಂತ ಯಾರೋ ಹೇಳಿದ್ದರು.

ಒಬ್ಬರು "ಮೋಟಾರ್ ಎರಡು ದಿನ ತಡ, ಬೆಳೆ ಬಾಡಿತು" ಎಂದು ಎರಡು ಸ್ಟಾರ್ ಕೊಟ್ಟಿದ್ದರು. ಅದಕ್ಕೂ ಅದನ್ನೇ ಅಂಟಿಸಿದ್ದೆ! ಇನ್ನೊಬ್ಬ ಗಿರಾಕಿ ಫೋನ್ ತೋರಿಸಿ, "ಏನ್ರೀ ಅಣ್ಣಾರ, ಇದನ್ನ ಓದೀರೋ ಇಲ್ಲೋ?" ಅಂದರು. ನಾಚಿಕೆಯಾಯಿತು.

ಹಳೆ ಉತ್ತರವನ್ನು ತಿದ್ದಬಹುದು. ಹೀಗೆ ತಿದ್ದಿದೆ: "ನಿಮ್ಮ ಬೋರಿನ ಮೋಟಾರ್ ತಡವಾಗಿದ್ದು ನಮ್ಮ ತಪ್ಪೇ. ವೈಂಡಿಂಗ್ ಮುಗಿದಿತ್ತು, ಬೇರಿಂಗ್ ಸಿಗಲಿಲ್ಲ. ಅವತ್ತೇ ಫೋನ್ ಮಾಡಿ ಹೇಳಬೇಕಿತ್ತು." ಬೋರ್, ಮೋಟಾರ್, ವೈಂಡಿಂಗ್ ಎಲ್ಲಾ ತಾನಾಗೇ ಬಂದವು ಅಲ್ವಾ?

ಈಗ ಗಿರಾಕಿ ಹೇಳಿದ ಒಂದು ವಿಷಯ, ನಾನು ಮಾಡಿದ ಒಂದು ಕೆಲಸ, ಅಷ್ಟೇ ಬರೆಯುತ್ತೇನೆ. ಊರಿನ ಹೆಸರು ಬೇಡ, ವಿಳಾಸ ಪ್ರೊಫೈಲ್‌ನಲ್ಲೇ ಇದೆ. ಸೇವೆಗಳ ಪಟ್ಟಿಗೂ ಅಲ್ಲೇ ಬೇರೆ ಜಾಗವಿದೆ, ಅದನ್ನು ತುಂಬಿದೆ. ಸುಮ್ನೆ "ಚೆನ್ನಾಗಿದೆ" ಎಂದು ಬರೆದವರಿಗೆ ಯಾವ ರಿಪೇರಿ ಅಂತ ಊಹಿಸಿ ಸೇರಿಸುವುದಿಲ್ಲ, ಧನ್ಯವಾದ ಸಾಕು. ಕಳಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದುತ್ತೇನೆ. ಎದುರಿಗೆ ನಿಂತ ಗಿರಾಕಿಗೆ ಹಾಗೆ ಹೇಳಲಾರೆ ಅನ್ನಿಸಿದರೆ ಅಳಿಸುತ್ತೇನೆ.