ನಲವತ್ತು ಪುಟದ ವರದಿಗೆ ಒಂದು ಪುಟದ ಸಾರಾಂಶ: ನಾನು ಬರೆಯುವ ಕ್ರಮ

ಕಾಸರಗೋಡಿನ ಬಡಗು ಭಾಗದ ಸೇವಾ ಸಹಕಾರಿ ಸಂಘವೊಂದಕ್ಕೆ ನಾನು ಆಗಾಗ ವರದಿ ಬರೆದುಕೊಡುತ್ತೇನೆ. ಓದುವವರು ಕಾರ್ಯದರ್ಶಿ, ಅಧ್ಯಕ್ಷರು ಮತ್ತು ನಿರ್ದೇಶಕರು. ಹೆಚ್ಚಿನವರಿಗೆ ತೋಟವಿದೆ. ಸಭೆಗೆ ಬಂದು ಕುಳಿತ ಮೇಲೆಯೇ ಕಾಗದ ಬಿಡಿಸುವುದು. ಆ ಹೊತ್ತಿನಲ್ಲಿ ಕಣ್ಣು ಹೋಗುವುದು ಮೊದಲ ಪುಟಕ್ಕೆ ಮಾತ್ರ.

ಒಂದು ವರದಿಯ ಸಂಗತಿ ಹೇಳುತ್ತೇನೆ, ಅಂಕಿಗಳನ್ನು ಬದಲಿಸಿದ್ದೇನೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಮುಗಿಯಬೇಕು, ಎರಡನೆಯದು ಅದಾದ 40-45 ದಿನಕ್ಕೆ. ಹಾಗಾಗಿ ಮೇ ಕೊನೆಗೆ ಎಲ್ಲರೂ ಒಟ್ಟಿಗೆ ಮೈಲುತುತ್ತಿಗೆ ಬರುತ್ತಾರೆ. ಆಗ ಸಂಘದ ಡಿಪೋದಲ್ಲಿ ಮಾಲಿಲ್ಲ. ಮಳೆಗಾಲ ಮುಗಿದಾಗ ನೋಡಿದರೆ ಗೋದಾಮಿನಲ್ಲಿ 700 ಕಿಲೋ ಉಳಿದಿದೆ. ಒಂದೇ ವರ್ಷ ಕೊರತೆಯೂ ಉಳಿಕೆಯೂ ಏಕೆ ಎಂಬುದು ವರದಿಯ ವಿಷಯ.

ನಮ್ಮಲ್ಲಿ ಸಾರಾಂಶ ಎಂದರೆ ವರದಿಯನ್ನು ಅದೇ ಅನುಕ್ರಮದಲ್ಲಿ ಕುಗ್ಗಿಸುವುದು. 'ಆಡಳಿತ ಮಂಡಳಿಯ ನಿರ್ಣಯದ ಪ್ರಕಾರ ಈ ಅಧ್ಯಯನವನ್ನು ಕೈಗೊಳ್ಳಲಾಯಿತು' ಎಂದು ಶುರುವಾಗಿ, ವಿಧಾನ, ಕೋಷ್ಟಕಗಳ ವಿವರ ಎಲ್ಲ ದಾಟಿ ಕೊನೆಯ ಪ್ಯಾರಾದಲ್ಲಿ ಶಿಫಾರಸು. ನಿರ್ಣಯ ಮಾಡಿದವರಿಗೇ ನಿರ್ಣಯದ ಸುದ್ದಿ ಹೇಳಿ ಏನು ಪ್ರಯೋಜನ? ನಾನು ಬುಡದಿಂದ ಹಿಡಿಯುತ್ತೇನೆ. ವರದಿ ಪೂರ್ತಿಯಾದ ಮೇಲೆ, ಅದನ್ನು ಮುಚ್ಚಿಟ್ಟು, ಸಭೆ ಯಾವುದಕ್ಕೆ ಒಪ್ಪಿಗೆ ಕೊಡಬೇಕು ಎಂದು ಮೊದಲು ಬರೆಯುತ್ತೇನೆ. ಏನು, ಎಷ್ಟು ಹಣ, ಯಾವಾಗಿನೊಳಗೆ, ಯಾರು ಮಾಡಬೇಕು ಎಂಬ ನಾಲ್ಕೂ ಅದರಲ್ಲಿರಬೇಕು. ಅದರ ಕೊನೆಯ ರೂಪ ಹೀಗಿತ್ತು:

'ಈ ವರ್ಷವೂ 4 ಟನ್ ಮೈಲುತುತ್ತೇ ಸಾಕು. ಆದರೆ ಆರ್ಡರನ್ನು ಮೇ ಬದಲು ಮಾರ್ಚ್ ಕೊನೆಗೆ ಕೊಡಬೇಕು. ಅದಕ್ಕೆ 6 ಲಕ್ಷ ರೂಪಾಯಿ ಮುಂಗಡ ಕೊಡಲು ಕಾರ್ಯದರ್ಶಿಯವರಿಗೆ ಫೆಬ್ರವರಿ ಸಭೆಯಲ್ಲಿ ಅನುಮತಿ ಬೇಕು.'

ಅದರ ಕೆಳಗೆ ಕಾರಣ. ವರದಿಯಲ್ಲಿ ಹನ್ನೊಂದು ಅಂಶಗಳಿದ್ದವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿದೆ: ಇದು ಸುಳ್ಳಾದರೆ ಶಿಫಾರಸು ಬದಲಾಗುತ್ತದೆಯೇ? ಎರಡಕ್ಕೆ ಮಾತ್ರ ಹೌದು ಎಂದಾಯಿತು. ಮೊದಲ ಲೋಡಿನ 2 ಟನ್ ಮೇ 26ಕ್ಕೆ ಖಾಲಿಯಾಗಿತ್ತು. ಎರಡನೆಯ ಲೋಡು ಬಂದದ್ದು ಮಳೆ ಹಿಡಿದ ಮೇಲೆ, ಅಷ್ಟರಲ್ಲಿ ಸದಸ್ಯರು ಪೇಟೆಯ ಅಂಗಡಿಗಳಿಂದ ಕೊಂಡಾಗಿತ್ತು. ಸುಣ್ಣದ ದರ, ಡಿಪೋದ ಸಮಯ, ತೂಕದ ದೂರು ಎಲ್ಲ ನಿಜವೇ, ಆದರೆ ಅವು ಒಳಪುಟಗಳಲ್ಲಿ ಇರಲಿ. ಕಷ್ಟಪಟ್ಟು ಕಲೆಹಾಕಿದ್ದನ್ನು ಬಿಡಲು ಮನಸ್ಸು ಬಾರದು ಎಂಬುದೇ ಸಾರಾಂಶ ಉದ್ದವಾಗಲು ಮುಖ್ಯ ಕಾರಣ ಎಂದು ನನ್ನ ಅಂದಾಜು.

ವಿಧಾನಕ್ಕೆ ಒಂದೇ ಸಾಲು: 'ಮೂರು ವರ್ಷದ ಮಾರಾಟದ ಬಿಲ್ಲುಗಳ ಆಧಾರ, ಹೊರಗೆ ಕೊಂಡವರ ಪ್ರಮಾಣ ಅಂದಾಜು ಮಾತ್ರ.' ಎಷ್ಟು ನಂಬಬಹುದು ಎಂಬುದು ಇಷ್ಟರಲ್ಲೇ ತಿಳಿಯುತ್ತದೆ. ಆಮೇಲೆ, ಒಪ್ಪಿದರೆ ಎದುರಾಗುವ ತೊಂದರೆ: ಮಾಲು ಬೇಗ ಬಂದರೆ ಹಣ ಒಂದು ತಿಂಗಳು ಹೆಚ್ಚು ಸಿಕ್ಕಿಕೊಳ್ಳುತ್ತದೆ, ಬಡ್ಡಿ ಇಷ್ಟು. ಇದನ್ನು ನಾವೇ ಬರೆಯದಿದ್ದರೆ ಸಭೆಯಲ್ಲಿ ಯಾರಾದರೂ ಎತ್ತುತ್ತಾರೆ, ಚರ್ಚೆ ಅಲ್ಲೇ ನಿಲ್ಲುತ್ತದೆ.

ಬರೆದದ್ದನ್ನು ಡಿಪೋದ ಮಾರಾಟಗಾರರ ಕೈಗೆ ಕೊಟ್ಟೆ; ಅವರು ವರದಿ ನೋಡಿರಲಿಲ್ಲ. ಎರಡು ನಿಮಿಷ ಓದಿಸಿ, ಕಾಗದ ಹಿಂದಕ್ಕೆ ತೆಗೆದುಕೊಂಡು, 'ಏನು ಮಾಡಬೇಕಂತೆ?' ಎಂದು ಕೇಳಿದೆ.

'ಜಾಸ್ತಿ ಮಾಲು ತರಿಸಬೇಕಂತೆ ಮಾಸ್ಟ್ರೇ' ಎಂದರು.

ಆಗಿನ ಕರಡಿನಲ್ಲಿ '4 ಟನ್ನೇ ಸಾಕು' ಎಂಬ ಮಾತು ಮೂರನೆಯ ಪ್ಯಾರಾದಲ್ಲಿತ್ತು. ಕೊರತೆ ಎಂದೊಡನೆ ಯಾರಿಗಾದರೂ ಹೊಳೆಯುವುದು ಹೆಚ್ಚು ತರಿಸುವುದೇ. ಆ ಊಹೆಯನ್ನು ಮೊದಲ ಸಾಲಿನಲ್ಲೇ ತಡೆಯಬೇಕು ಎಂದು ಅದನ್ನು ತಲೆಗೆ ತಂದೆ. 'ಅರ್ಥವಾಯಿತೇ?' ಎಂದು ಕೇಳಿದ್ದರೆ ಅವರು ಹೌದು ಎನ್ನುತ್ತಿದ್ದರು, ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ನಮ್ಮಲ್ಲಿ ಸಾರಾಂಶ ಕನ್ನಡದಲ್ಲೂ ಮಲಯಾಳದಲ್ಲೂ ಹೋಗುತ್ತದೆ. ಎರಡರಲ್ಲೂ ಪ್ಯಾರಾಗಳ ಸ್ಥಾನ, ಅಂಕಿಗಳ ಸಾಲು ಒಂದೇ ಕಡೆ ಬರುವಂತೆ ಜೋಡಿಸುತ್ತೇನೆ. ಅಧ್ಯಕ್ಷರು 'ಎರಡನೆಯ ಪ್ಯಾರಾ ನೋಡಿ' ಎಂದರೆ ಎಲ್ಲರ ಬೆರಳೂ ಅಲ್ಲಿಗೇ ಹೋಗುತ್ತದೆ. ಪ್ರತಿ ಅಂಕಿಯ ಪಕ್ಕ ವರದಿಯ ಪುಟಸಂಖ್ಯೆ ಹಾಕುತ್ತೇನೆ. 'ಕೋಷ್ಟಕ 4 ನೋಡಿ' ಎಂದು ಮಾತ್ರ ಬರೆದು ಅಂಕಿಯನ್ನೇ ಬಿಟ್ಟರೆ ಯಾರೂ ಪುಟ ತಿರುಗಿಸುವುದಿಲ್ಲ. ಅಚ್ಚಿಗೆ ಹೋಗುವ ಮುಂಚೆ ಪುಟಸಂಖ್ಯೆ ಹಿಡಿದು ಅಂಕಿಗಳನ್ನು ಒಂದೊಂದಾಗಿ ತಾಳೆ ನೋಡುವುದು ಕಡ್ಡಾಯ, ಏಕೆಂದರೆ ವರದಿಯಲ್ಲಿ ಕೊನೆಗಳಿಗೆಯಲ್ಲಿ ತಿದ್ದಿದ ಸಂಖ್ಯೆ ಸಾರಾಂಶದಲ್ಲಿ ಹಳೆಯದೇ ಉಳಿಯುತ್ತದೆ.

ತಪ್ಪು ಯಾರದೆಂದು ತೀರ್ಮಾನಿಸುವ ತನಿಖಾ ವರದಿಗೆ ಮಾತ್ರ ನಾನು ಈ ಕ್ರಮ ಬಳಸುವುದಿಲ್ಲ. ಅಲ್ಲಿ ತೀರ್ಮಾನಕ್ಕಿಂತ ಮೊದಲು ಸಾಕ್ಷ್ಯವನ್ನು ಓದಿಸಲೇಬೇಕು.